ಕೆಲಸದಿಂದ ತೆಗೆದ ಮೇಲೆ ‘ಹಿಂದಿನ ಕೆಲಸ ಏಕೆ ಬಿಟ್ಟಿರಿ’ ಎಂದು ಕೇಳಿದರೆ: ನಿಜವನ್ನೇ ಹೇಳುವ ಸಮಗ್ರ ಮಾರ್ಗದರ್ಶಿ

‘ಹಿಂದಿನ ಕೆಲಸ ಏಕೆ ಬಿಟ್ಟಿರಿ?’ ಎಂಬ ಪ್ರಶ್ನೆ ಒಂದೇ ಸಲ ಬಂದು ಹೋಗುವಂಥದ್ದಲ್ಲ. ಮೊದಲು ಅರ್ಜಿ ನಮೂನೆಯ ಪುಟ್ಟ ಚೌಕದಲ್ಲಿ ಬರುತ್ತದೆ. ಆಮೇಲೆ ನೇಮಕಾತಿ ವಿಭಾಗದವರ ಫೋನ್ ಕರೆಯಲ್ಲಿ, ಅನಂತರ ಸಂದರ್ಶನದ ಕೋಣೆಯಲ್ಲಿ ಬರುತ್ತದೆ. ಕೊನೆಗೆ ಹೊಸ ಸಂಸ್ಥೆಯವರು ನಿಮ್ಮ ಹಳೆಯ ಸಂಸ್ಥೆಗೆ ಕರೆ ಮಾಡಿದಾಗ, ನೀವಿಲ್ಲದ ಕಡೆಯಲ್ಲೂ ಅದೇ ಪ್ರಶ್ನೆ. ಈ ನಾಲ್ಕು ಕಡೆಯ ಉತ್ತರಗಳು ಒಂದಕ್ಕೊಂದು ಹೊಂದಬೇಕು. ಸಂದರ್ಶಕರ ಸಾಲಿನಲ್ಲಿ ಬಹಳ ಕಾಲ ಕುಳಿತವನಾಗಿ ಹೇಳುತ್ತೇನೆ: ಕೆಲಸದಿಂದ ತೆಗೆದರು ಎಂಬ ಸಂಗತಿಯಿಂದ ಕೈತಪ್ಪಿದ ನೌಕರಿಗಳಿಗಿಂತ, ನಮೂನೆಯಲ್ಲಿ ಒಂದು, ಬಾಯಲ್ಲಿ ಇನ್ನೊಂದು ಎಂಬ ಕಾರಣಕ್ಕೆ ಕೈತಪ್ಪಿದವೇ ನನ್ನ ನೆನಪಿನಲ್ಲಿ ಹೆಚ್ಚಾಗಿವೆ.

ವಜಾ ಆಗುವುದಕ್ಕೆ ಹಲವು ದಾರಿಗಳಿವೆ. ಇಲ್ಲಿ ಹೆಚ್ಚಾಗಿ ಬರೆಯುತ್ತಿರುವುದು ಅವುಗಳಲ್ಲಿ ಸಾಮಾನ್ಯವಾದ, ಆದರೆ ಬಾಯಿಬಿಟ್ಟು ಹೇಳಲು ಕಷ್ಟವಾದ ಒಂದರ ಬಗ್ಗೆ: ಕೆಲಸದ ಗುಣಮಟ್ಟ ಸಾಲದು ಎಂದು ಎಚ್ಚರಿಕೆ ಪತ್ರ ಕೊಟ್ಟು, ಸುಧಾರಿಸಿಕೊಳ್ಳಲು ಅವಧಿ ಕೊಟ್ಟು, ಕೊನೆಗೆ ಸೇವೆಯಿಂದ ಬಿಡುಗಡೆ ಮಾಡಿದ ಪ್ರಕರಣ. ಶಿಸ್ತು ಉಲ್ಲಂಘನೆಯ ಆರೋಪ, ವ್ಯಾಜ್ಯ ಇತ್ಯಾದಿಗಳನ್ನು ಕೊನೆಯ ಭಾಗದಲ್ಲಿ ಮುಟ್ಟುತ್ತೇನೆ.

ಮೊದಲ ಹೆಜ್ಜೆ: ಕಾಗದಗಳನ್ನು ಓದಿ

ಉತ್ತರ ಹೆಣೆಯುವ ಮುನ್ನ ನಿಮ್ಮ ಸೇವೆ ಮುಗಿದ ಬಗೆ ಕಾಗದದ ಮೇಲೆ ಹೇಗಿದೆ ಎಂದು ತಿಳಿದುಕೊಳ್ಳಿ. ವಜಾ ಆದ ದಿನ ಆ ಪತ್ರವನ್ನು ಯಾರೂ ಸಮಾಧಾನದಿಂದ ಓದುವುದಿಲ್ಲ, ಮಡಚಿ ಒಳಗಿಟ್ಟುಬಿಡುತ್ತಾರೆ. ಈಗ ಹೊರತೆಗೆದು ಮೂರು ವಿಷಯ ಹುಡುಕಿ. ಪತ್ರದಲ್ಲಿ ಕಾರಣ ಬರೆದಿದ್ದಾರೆಯೇ, ಬರೆದಿದ್ದರೆ ಯಾವ ಪದಗಳಲ್ಲಿ? ಕೊನೆಯ ದಿನಾಂಕ ಯಾವುದು? ರಿಲೀವಿಂಗ್ ಪತ್ರ ಅಥವಾ ಅನುಭವ ಪತ್ರ ಬೇರೆಯಾಗಿ ಸಿಕ್ಕಿದ್ದರೆ ಅದರಲ್ಲಿ ‘ರಾಜೀನಾಮೆ’ ಎಂದಿದೆಯೇ, ‘ಸೇವೆ ಕೊನೆಗೊಳಿಸಲಾಗಿದೆ’ ಎಂದಿದೆಯೇ, ಅಥವಾ ಕಾರಣವೇ ಇಲ್ಲದೆ ಬರೀ ದಿನಾಂಕಗಳಿವೆಯೇ?

ಮೇಲಿನಿಂದ ಒತ್ತಡ ಬಂದು ನೀವೇ ರಾಜೀನಾಮೆ ಬರೆದುಕೊಟ್ಟಿದ್ದರೆ, ದಾಖಲೆಯಲ್ಲಿ ಅದು ರಾಜೀನಾಮೆಯೇ. ‘ನೀವು ಬಿಟ್ಟಿರೋ, ಅವರು ತೆಗೆದರೋ?’ ಎಂದು ಕೇಳಿದರೆ ‘ರಾಜೀನಾಮೆ ಕೊಟ್ಟೆ’ ಎನ್ನುವುದು ಸುಳ್ಳಲ್ಲ. ಆದರೆ ಕೆಲವು ನಮೂನೆಗಳಲ್ಲಿ ಪ್ರಶ್ನೆ ಹೀಗಿರುತ್ತದೆ: ‘ನಿಮ್ಮನ್ನು ಎಂದಾದರೂ ವಜಾ ಮಾಡಲಾಗಿದೆಯೇ ಅಥವಾ ರಾಜೀನಾಮೆ ನೀಡುವಂತೆ ಸೂಚಿಸಲಾಗಿದೆಯೇ?’ ಆಗ ‘ಹೌದು’ ಎಂಬುದೊಂದೇ ನಿಜವಾದ ಉತ್ತರ. ಪ್ರಶ್ನೆಯನ್ನು ಪದಪದವಾಗಿ ಓದಬೇಕೆನ್ನುವುದು ಇದಕ್ಕೇ.

ಸಂಸ್ಥೆ ಬಿಡುವಾಗ ಒಪ್ಪಂದವೊಂದಕ್ಕೆ ಸಹಿ ಹಾಕಿದ್ದರೆ ಅದನ್ನೂ ಓದಿ. ಪರಿಹಾರದ ಹಣಕ್ಕೆ ಪ್ರತಿಯಾಗಿ ಗೋಪ್ಯತೆಯ ಷರತ್ತು, ಪರಸ್ಪರ ದೂಷಿಸಬಾರದು ಎಂಬ ಷರತ್ತು ಇರುವುದುಂಟು. ಇಬ್ಬರೂ ಬಳಸಬೇಕಾದ ಒಂದು ವಾಕ್ಯವನ್ನೇ ಕೆಲವು ಒಪ್ಪಂದಗಳಲ್ಲಿ ಬರೆದಿಟ್ಟಿರುತ್ತಾರೆ. ಹಾಗಿದ್ದರೆ ಅದೇ ನಿಮ್ಮ ವಾಕ್ಯ. ಷರತ್ತಿನ ಅರ್ಥ ಅನುಮಾನವಾದರೆ ಸಂದರ್ಶನಕ್ಕೆ ಮೊದಲು ವಕೀಲರೊಬ್ಬರಿಗೆ ತೋರಿಸುವುದು ಒಳ್ಳೆಯದು.

ಕಾಗದ ಹೇಳದ ಒಂದು ವಿಷಯವನ್ನು ಕೇಳಿಯೇ ತಿಳಿಯಬೇಕು. ಹಳೆಯ ಸಂಸ್ಥೆಯ ಎಚ್‌ಆರ್ ವಿಭಾಗಕ್ಕೆ ಚಿಕ್ಕದೊಂದು ಮೇಲ್ ಬರೆಯಿರಿ: ‘ಮುಂದೆ ಬೇರೆ ಸಂಸ್ಥೆಯವರು ನನ್ನ ಸೇವೆಯ ಬಗ್ಗೆ ವಿಚಾರಿಸಿದರೆ ತಾವು ಯಾವ ಯಾವ ಮಾಹಿತಿಯನ್ನು ನೀಡುತ್ತೀರಿ ಎಂದು ದಯವಿಟ್ಟು ತಿಳಿಸಿ.’ ಎಷ್ಟೋ ಸಂಸ್ಥೆಗಳು ಸೇವೆಯ ದಿನಾಂಕ ಮತ್ತು ಹುದ್ದೆಯನ್ನು ಮಾತ್ರ ದೃಢಪಡಿಸುತ್ತವೆ. ಕೆಲವು ಸಂಸ್ಥೆಗಳು ಬಿಟ್ಟ ಕಾರಣವನ್ನೂ, ಈ ವ್ಯಕ್ತಿಯನ್ನು ಮತ್ತೆ ಸೇರಿಸಿಕೊಳ್ಳುತ್ತೀರಾ ಎಂಬ ಪ್ರಶ್ನೆಗೆ ಉತ್ತರವನ್ನೂ ಕೊಡುತ್ತವೆ. ಉತ್ತರ ಏನೇ ಬರಲಿ, ನೀವು ಹೇಳುವುದು ನಿಜವೇ ಆಗಿರಬೇಕು. ಹಾಗಿದ್ದರೂ ಅವರು ಏನು ಹೇಳುತ್ತಾರೆಂದು ಗೊತ್ತಿದ್ದರೆ ನಿಮ್ಮ ದನಿಯಲ್ಲಿ ಅನುಮಾನ ಇರುವುದಿಲ್ಲ. ಆ ಅನುಮಾನ ಸಂದರ್ಶಕರಿಗೆ ಬೇಗ ಕೇಳಿಸುತ್ತದೆ.

ಎರಡನೆಯ ಹೆಜ್ಜೆ: ಆದದ್ದಕ್ಕೆ ಸರಿಯಾದ ಹೆಸರು

ಸಂಸ್ಥೆ ವೆಚ್ಚ ಇಳಿಸಲು ಅಥವಾ ವಿಭಾಗ ಮುಚ್ಚಲು ಜನರನ್ನು ತೆಗೆದರೆ ಅದು ಉದ್ಯೋಗ ಕಡಿತ. ನಿಮ್ಮ ಕೆಲಸದ ಕಾರಣಕ್ಕೆ ನಿಮ್ಮನ್ನು ಮಾತ್ರ ತೆಗೆದರೆ ಅದು ವಜಾ. ಪ್ರೊಬೇಷನ್ ಅವಧಿಯಲ್ಲಿ ಖಾಯಂ ಮಾಡದೆ ಕಳುಹಿಸಿದರೆ ಅದನ್ನು ಹಾಗೆಯೇ ಹೇಳಬಹುದು. ಗುತ್ತಿಗೆ ಅವಧಿ ಮುಗಿದು ನವೀಕರಣ ಆಗದಿದ್ದರೆ ಅದು ವಜಾ ಅಲ್ಲವೇ ಅಲ್ಲ. ಅದನ್ನು ವಜಾ ಎಂದು ಒಪ್ಪಿಕೊಂಡು ನಿಮಗೆ ನೀವೇ ಅನ್ಯಾಯ ಮಾಡಿಕೊಳ್ಳಬೇಡಿ.

ಇಲ್ಲಿ ಜನರು ಜಾರುವುದು ಒಂದೇ ಕಡೆ: ವಜಾವನ್ನು ಉದ್ಯೋಗ ಕಡಿತ ಎಂದು ಕರೆಯುವುದರಲ್ಲಿ. ಅದೇ ತಿಂಗಳು ಸಂಸ್ಥೆಯಲ್ಲಿ ಬೇರೆಯವರನ್ನೂ ಕಳುಹಿಸಿದ್ದರೆ ಈ ಆಸೆ ಇನ್ನಷ್ಟು ಬಲವಾಗುತ್ತದೆ. ಕಡಿತ ಎಂದ ಕೂಡಲೇ ಮುಂದಿನ ಪ್ರಶ್ನೆ ಬರುತ್ತದೆ: ‘ಎಷ್ಟು ಜನರನ್ನು ತೆಗೆದರು? ನಿಮ್ಮ ಹುದ್ದೆಯನ್ನೇ ರದ್ದು ಮಾಡಿದರೇ?’ ಒಂದು ಸುಳ್ಳನ್ನು ಕಾಯಲು ಮೂರು ಸುಳ್ಳು ಬೇಕಾಗುತ್ತವೆ. ನಿಮ್ಮ ಜಾಗಕ್ಕೆ ಬಂದ ಹೊಸಬರ ಹುದ್ದೆ ಅಂತರ್ಜಾಲದಲ್ಲಿ ಎಲ್ಲರಿಗೂ ಕಾಣುವಂತಿದ್ದರೆ ಮೂರೂ ಸಾಲವು.

ಮೂರನೆಯ ಹೆಜ್ಜೆ: ಕಾರಣವನ್ನು ಬರೆದು, ಆಮೇಲೆ ಕತ್ತರಿಸಿ

ಒಂದು ಹಾಳೆಯಲ್ಲಿ ನಡೆದದ್ದನ್ನೆಲ್ಲ ಬರೆಯಿರಿ. ಸಿಟ್ಟು, ಮ್ಯಾನೇಜರರ ಪಕ್ಷಪಾತ, ಸಹೋದ್ಯೋಗಿಯ ಕುತಂತ್ರ ಎಲ್ಲವೂ ಇರಲಿ. ಆ ಹಾಳೆಯನ್ನು ಯಾರಿಗೂ ತೋರಿಸಬೇಕಾಗಿಲ್ಲ. ಬರೆದಾದ ಮೇಲೆ ಪ್ರತಿಯೊಂದು ವಾಕ್ಯಕ್ಕೂ ಒಂದು ಪರೀಕ್ಷೆ ಒಡ್ಡಿ: ನಿಮ್ಮ ಹಳೆಯ ಮ್ಯಾನೇಜರ್ ಪಕ್ಕದ ಕುರ್ಚಿಯಲ್ಲಿ ಕುಳಿತು ಈ ವಾಕ್ಯವನ್ನು ಕೇಳಿಸಿಕೊಂಡರೆ ‘ಅದು ಹಾಗಲ್ಲ’ ಎಂದು ತಡೆಯುತ್ತಾರೆಯೇ? ಅವರಿಗೆ ಅದು ಇಷ್ಟವಾಗದೇ ಇರಬಹುದು, ಅಪೂರ್ಣ ಎನಿಸಬಹುದು, ಅದರಿಂದ ತೊಂದರೆಯಿಲ್ಲ. ಆದರೆ ಅದನ್ನು ಸುಳ್ಳು ಎನ್ನಲು ಅವರಿಗೆ ಸಾಧ್ಯವಾಗಬಾರದು. ಈ ಪರೀಕ್ಷೆಯಲ್ಲಿ ಉಳಿದ ವಾಕ್ಯಗಳಿಂದ ಮಾತ್ರ ಉತ್ತರ ಕಟ್ಟಬೇಕು.

ನಿಜ ಹೇಳುವುದೆಂದರೆ ಎಲ್ಲವನ್ನೂ ಹೇಳುವುದಲ್ಲ ಎಂಬುದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಕೇಳಿದ್ದಕ್ಕೆ ನೇರವಾಗಿ ಉತ್ತರಿಸಬೇಕು. ಕೇಳುವವರ ಮನಸ್ಸಿನಲ್ಲಿ ತಪ್ಪು ಚಿತ್ರ ಉಳಿಯುವಂತೆ ಏನನ್ನೂ ಬಿಡಬಾರದು. ಅದಕ್ಕಿಂತ ಹೆಚ್ಚಿನ ವಿವರ ನಿಮ್ಮ ಸ್ವಂತದ್ದು. ಆರೋಗ್ಯದ ತೊಂದರೆ, ಮನೆಯ ಕಷ್ಟ, ದಾಂಪತ್ಯದ ಬಿಕ್ಕಟ್ಟು ನಿಮ್ಮ ಕೆಲಸವನ್ನು ಕೆಡಿಸಿದ್ದಿರಬಹುದು. ಅವುಗಳನ್ನು ವಿವರಿಸುವ ಅಗತ್ಯವಿಲ್ಲ. ‘ಆ ಸಮಯದಲ್ಲಿ ವೈಯಕ್ತಿಕ ತೊಂದರೆಯೊಂದಿತ್ತು, ಈಗ ಅದು ಬಗೆಹರಿದಿದೆ’ ಎಂದರೆ ಸಾಕು, ಅದೂ ನಿಜವಾಗಿ ಬಗೆಹರಿದಿದ್ದರೆ ಮಾತ್ರ.

ನಾಲ್ಕನೆಯ ಹೆಜ್ಜೆ: ಉತ್ತರವನ್ನು ಕಟ್ಟುವುದು

ಉತ್ತರಕ್ಕೆ ಮೂರು ಭಾಗ ಸಾಕು. ಆದದ್ದೇನು, ಅದರಲ್ಲಿ ನಿಮ್ಮ ಪಾಲು ಏನು, ಆಮೇಲೆ ಏನು ಬದಲಾಗಿದೆ. ಮೂರನೆಯದರಲ್ಲಿ ಭರವಸೆ ಕೊಡಬೇಡಿ, ತೋರಿಸಬಹುದಾದ ಕೆಲಸವನ್ನು ಹೇಳಿ. ಒಂದು ಕಲ್ಪಿತ ಪ್ರಕರಣವನ್ನು ಎತ್ತಿಕೊಂಡು ಪೂರ್ತಿ ಮಾಡಿ ನೋಡೋಣ.

ಒಬ್ಬ ಮಹಿಳೆ ಸಂಸ್ಥೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಮೂರು ವರ್ಷ ಕೆಲಸ ಮಾಡಿದ್ದಾರೆ. ಸರಕು ಪೂರೈಸುವವರಿಂದ ಬರುವ ಬಿಲ್ಲುಗಳನ್ನು ಕಂಪ್ಯೂಟರಿಗೆ ಏರಿಸಿ ಪಾವತಿಗೆ ಕಳುಹಿಸುವುದು ಅವರ ಕೆಲಸ. ಸಂಸ್ಥೆ ಹೊಸ ಸಾಫ್ಟ್‌ವೇರ್‌ಗೆ ಬದಲಾದ ಮೇಲೆ ಒಂದೇ ಬಿಲ್ಲಿಗೆ ಎರಡು ಸಲ ಹಣ ಹೋಗತೊಡಗಿತು. ಬಿಲ್ಲು ಮೊದಲು ಮೇಲ್‌ನಲ್ಲಿ ಬರುತ್ತಿತ್ತು, ಕೆಲವು ದಿನಗಳ ನಂತರ ಅದರದೇ ಕಾಗದದ ಪ್ರತಿ ಅಂಚೆಯಲ್ಲಿ ಬರುತ್ತಿತ್ತು. ಒಂದು ಸಲ ಬಿಲ್ ಸಂಖ್ಯೆಯನ್ನು ನಡುಗೆರೆ ಹಾಕಿ ಟೈಪ್ ಮಾಡುತ್ತಿದ್ದರು, ಇನ್ನೊಂದು ಸಲ ನಡುಗೆರೆ ಇಲ್ಲದೆ. ಸಾಫ್ಟ್‌ವೇರ್ ಬಿಲ್ ಸಂಖ್ಯೆಯನ್ನು ಮಾತ್ರ ಹೋಲಿಸುತ್ತಿದ್ದುದರಿಂದ ಅದಕ್ಕೆ ಅವು ಎರಡು ಬೇರೆ ಬಿಲ್ಲುಗಳು. ಮೂರು ಸಲ ಹೀಗಾಯಿತು. ಹಣ ವಾಪಸು ಬಂತು, ಆದರೆ ಎಚ್ಚರಿಕೆ ಪತ್ರವೂ ಬಂತು. ಅರುವತ್ತು ದಿನಗಳ ಸುಧಾರಣಾ ಅವಧಿ ಕೊಟ್ಟರು. ಆ ಅವಧಿಯಲ್ಲೂ ಒಮ್ಮೆ ತಪ್ಪಿತು. ಸೇವೆ ಕೊನೆಗೊಳಿಸಿದರು.

ಇವರು ಮೊದಲ ಸಲ ಬರೆಯುವ ಉತ್ತರ ಹೆಚ್ಚುಕಡಿಮೆ ಹೀಗಿರುತ್ತದೆ:

‘ನಿಜ ಹೇಳಬೇಕೆಂದರೆ ಅಲ್ಲಿ ಹೊಸ ಸಾಫ್ಟ್‌ವೇರ್ ತಂದರು, ಯಾರಿಗೂ ಸರಿಯಾದ ತರಬೇತಿ ಕೊಡಲಿಲ್ಲ. ಇಬ್ಬರು ಮಾಡುವ ಕೆಲಸವನ್ನು ನಾನೊಬ್ಬಳೇ ಮಾಡುತ್ತಿದ್ದೆ. ಮ್ಯಾನೇಜರ್ ಕೂಡ ಹೊಸಬರು, ಅವರಿಗೆ ತಮ್ಮವರನ್ನು ತರಬೇಕಿತ್ತು. ಕೊನೆಗೆ ಪರಸ್ಪರ ಒಪ್ಪಿಗೆಯಿಂದ ಬೇರೆಯಾದೆವು.’

ತರಬೇತಿ ಸಾಲದೆ ಇದ್ದದ್ದು ನಿಜವಿರಬಹುದು, ಕೆಲಸದ ಹೊರೆಯೂ ನಿಜವಿರಬಹುದು. ಆದರೂ ಇಡೀ ಉತ್ತರದಲ್ಲಿ ಆಕೆಯೇ ಇಲ್ಲ. ಎಲ್ಲವನ್ನೂ ಬೇರೆಯವರೇ ಮಾಡಿದ್ದಾರೆ. ಸಂದರ್ಶಕರು ಕೇಳಿದ್ದಕ್ಕೆ ಉತ್ತರವೂ ಸಿಕ್ಕಿಲ್ಲ, ಏಕೆಂದರೆ ತಪ್ಪು ಏನೆಂದೇ ಹೇಳಿಲ್ಲ. ‘ಪರಸ್ಪರ ಒಪ್ಪಿಗೆ’ ಎಂಬುದು ಪಕ್ಕದ ಕುರ್ಚಿಯ ಪರೀಕ್ಷೆಯಲ್ಲಿ ಬಿದ್ದುಹೋಗುತ್ತದೆ. ಪತ್ರದಲ್ಲಿ ಹಾಗೆ ಬರೆದಿದ್ದರೆ ಮಾತ್ರ ಆ ಪದ ನಿಲ್ಲುತ್ತದೆ. ‘ನಿಜ ಹೇಳಬೇಕೆಂದರೆ’ ಎಂಬ ಆರಂಭವೂ ಬೇಡ. ಉಳಿದದ್ದೆಲ್ಲ ಏನು ಎಂಬ ಅನುಮಾನವನ್ನು ಅದೇ ಹುಟ್ಟಿಸುತ್ತದೆ.

ಎಚ್ಚರಿಕೆ ಹೇಳಿದ ಮೇಲೆ ಕೆಲವರು ಇನ್ನೊಂದು ತುದಿಗೆ ಹೋಗುತ್ತಾರೆ:

‘ನನ್ನದೇ ತಪ್ಪು. ನಾನು ಬಹಳ ಅಜಾಗರೂಕಳಾಗಿದ್ದೆ. ಅವರು ಅವಕಾಶ ಕೊಟ್ಟರೂ ನನ್ನಿಂದ ಆಗಲಿಲ್ಲ. ಈಗಲೂ ಬೇಸರವಿದೆ.’

ಇದೂ ಪ್ರಾಮಾಣಿಕವಲ್ಲ. ‘ಅಜಾಗರೂಕಳು’ ಎಂಬುದು ಸ್ವಭಾವದ ಮೇಲಿನ ತೀರ್ಪು, ನಡೆದ ಸಂಗತಿ ಅಲ್ಲ. ಸಂಖ್ಯೆಯನ್ನು ಎರಡು ರೀತಿಯಲ್ಲಿ ಟೈಪ್ ಮಾಡಿದ್ದು ಒಂದು ತಪ್ಪು, ಅದನ್ನು ತಿದ್ದಬಹುದು. ಸ್ವಭಾವವನ್ನೇ ದೂಷಿಸಿಕೊಂಡರೆ ಕೇಳುವವರಿಗೆ ತಿದ್ದಲಾಗದ್ದೇನೋ ಎದುರಿಗೆ ಕುಳಿತಂತೆ ತೋರುತ್ತದೆ.

ಈಗ ಹಾಳೆಯಲ್ಲಿ ಉಳಿದ ವಾಕ್ಯಗಳಿಂದ ಕಟ್ಟಿದ ಉತ್ತರ:

‘ನನ್ನ ಸೇವೆಯನ್ನು ಸಂಸ್ಥೆ ಕೊನೆಗೊಳಿಸಿತು. ಹೊಸ ಸಾಫ್ಟ್‌ವೇರ್‌ಗೆ ಬದಲಾದ ಅವಧಿಯಲ್ಲಿ ನಾನು ಏರಿಸಿದ ಕೆಲವು ಬಿಲ್ಲುಗಳಿಗೆ ಎರಡು ಸಲ ಪಾವತಿ ಆಯಿತು. ಸುಧಾರಿಸಿಕೊಳ್ಳಲು ಸಮಯ ಕೊಟ್ಟಿದ್ದರು, ಆ ಅವಧಿಯಲ್ಲೂ ಒಮ್ಮೆ ತಪ್ಪಿತು. ನಾನು ಬಿಲ್ ಸಂಖ್ಯೆಯೊಂದನ್ನೇ ನೋಡಿ ಮುಂದೆ ಹೋಗುತ್ತಿದ್ದೆ, ಅದು ಸಾಲದು ಎಂದು ತಡವಾಗಿ ಅರ್ಥವಾಯಿತು. ಈಗ ಒಂದು ಚಿಕ್ಕ ಸಂಸ್ಥೆಯ ಲೆಕ್ಕವನ್ನು ಅರೆಕಾಲಿಕವಾಗಿ ನೋಡಿಕೊಳ್ಳುತ್ತಿದ್ದೇನೆ. ಅಲ್ಲಿ ಪ್ರತಿ ಪಾವತಿಗೆ ಮೊದಲು ಪೂರೈಕೆದಾರರ ಹೆಸರು, ಮೊತ್ತ, ದಿನಾಂಕ ಮೂರನ್ನೂ ಹೋಲಿಸಿ ಪಟ್ಟಿ ಮಾಡುತ್ತೇನೆ. ನಿಮ್ಮಲ್ಲಿ ಬಿಲ್ಲುಗಳು ಎಷ್ಟು ದಾರಿಗಳಿಂದ ಬರುತ್ತವೆ ಎಂದು ತಿಳಿದುಕೊಳ್ಳಬಹುದೇ?’

ಗಟ್ಟಿಯಾಗಿ ಓದಿ ನೋಡಿ. ಒಂದು ನಿಮಿಷದೊಳಗೆ ಮುಗಿಯುತ್ತದೆ. ಮೊದಲ ವಾಕ್ಯದಲ್ಲೇ ಕಹಿ ಸಂಗತಿ ಬಂದುಹೋಗಿದೆ. ಅದು ಮೂರನೆಯ ನಿಮಿಷದಲ್ಲಿ ಬಂದರೆ ಅಲ್ಲಿಯವರೆಗಿನ ಮಾತೆಲ್ಲ ಮುಚ್ಚಿಡುವ ಪ್ರಯತ್ನದಂತೆ ಕಾಣುತ್ತದೆ. ಸಾಫ್ಟ್‌ವೇರ್ ಬದಲಾದ ವಿಷಯ ಒಂದೇ ಕಡೆ, ಸಮಯವನ್ನು ಸೂಚಿಸಲು ಮಾತ್ರ ಬಂದಿದೆ. ಸಂದರ್ಶಕರಿಗೆ ಬೇಕಾದರೆ ಅವರೇ ಅದರ ಎಳೆ ಹಿಡಿದು ‘ತರಬೇತಿ ಕೊಟ್ಟಿದ್ದರೇ?’ ಎಂದು ಕೇಳುತ್ತಾರೆ. ಅವರ ಬಾಯಿಂದ ಬಂದರೆ ಅದು ನ್ಯಾಯವಾದ ವಿವರ, ನಿಮ್ಮ ಬಾಯಿಂದ ಮೊದಲೇ ಬಂದರೆ ನೆಪ. ಕೊನೆಯ ಪ್ರಶ್ನೆ ತಪ್ಪಿಸಿಕೊಳ್ಳಲು ಎಸೆದದ್ದಲ್ಲ. ಒಂದೇ ಬಿಲ್ಲು ಹಲವು ದಾರಿಗಳಿಂದ ಬಂದಾಗ ತೊಂದರೆ ಆಗುತ್ತದೆ ಎಂದು ಆಕೆಗೆ ಅನುಭವದಿಂದ ಗೊತ್ತಿದೆ ಎಂಬುದನ್ನು ಅದು ತೋರಿಸುತ್ತದೆ.

‘ಬದಲಾಗಿದ್ದು’ ಎಂಬ ಮೂರನೆಯ ಭಾಗ ನಿಮ್ಮಲ್ಲಿ ಇನ್ನೂ ಇಲ್ಲದಿದ್ದರೆ ಅದನ್ನು ಮಾತಿನಿಂದ ತುಂಬಲಾಗದು. ‘ಬಹಳ ಕಲಿತೆ’ ಎಂಬ ವಾಕ್ಯದಲ್ಲಿ ಹಿಡಿಯಲು ಏನೂ ಇಲ್ಲ. ಒಂದು ವಾರ ಅರ್ಜಿ ಹಾಕುವುದನ್ನು ನಿಲ್ಲಿಸಿಯಾದರೂ ಆ ಭಾಗವನ್ನು ಕೆಲಸದಿಂದ ತುಂಬಿಕೊಳ್ಳಿ. ತಪ್ಪಿದ ಕೌಶಲಕ್ಕೆ ಒಂದು ಕೋರ್ಸ್, ಅರೆಕಾಲಿಕ ಕೆಲಸ, ಪರಿಚಿತರ ಲೆಕ್ಕವನ್ನು ಉಚಿತವಾಗಿ ನೋಡಿಕೊಡುವುದು, ಕಡೆಗೆ ನೀವೇ ತಯಾರಿಸಿದ ಒಂದು ಪರಿಶೀಲನಾ ಪಟ್ಟಿ. ಇವುಗಳಲ್ಲಿ ಯಾವುದಾದರೂ ನಡೆಯುತ್ತದೆ, ಆದರೆ ಅದು ನಿಮ್ಮನ್ನು ತೆಗೆದ ಕಾರಣಕ್ಕೇ ಸಂಬಂಧಿಸಿರಬೇಕು. ತಡವಾಗಿ ಬರುತ್ತಿದ್ದ ಕಾರಣಕ್ಕೆ ಕೆಲಸ ಹೋದವರು ಹೊಸ ಭಾಷೆ ಕಲಿತೆ ಎಂದರೆ ಯಾರಿಗೂ ಸಮಾಧಾನವಾಗುವುದಿಲ್ಲ.

ನಮೂನೆಯ ಚೌಕ ಮತ್ತು ಫೋನ್ ಕರೆ

ರೆಸ್ಯೂಮೆಯಲ್ಲಿ ಬಿಟ್ಟ ಕಾರಣವನ್ನು ಬರೆಯುವ ರೂಢಿಯಿಲ್ಲ, ಬರೆಯಬೇಡಿ. ದಿನಾಂಕಗಳು ಮಾತ್ರ ಸರಿಯಾಗಿರಲಿ. ಕೆಲಸ ಹೋದ ಮೇಲೂ ‘ಇಂದಿನವರೆಗೆ’ ಎಂದು ಉಳಿಸಿಕೊಳ್ಳುವುದು ಬಹಳ ಜನರ ಅಭ್ಯಾಸ. ಹಿನ್ನೆಲೆ ಪರಿಶೀಲನೆಯಲ್ಲಿ ಮೊದಲು ನೋಡುವುದೇ ದಿನಾಂಕವನ್ನು, ಅಲ್ಲಿಯೇ ಸಿಕ್ಕಿಬೀಳುತ್ತಾರೆ.

ನಮೂನೆಯಲ್ಲಿ ಕಾರಣ ಕೇಳಿದ್ದರೆ ಕೆಲವೇ ಪದಗಳು: ‘ಸೇವೆ ಕೊನೆಗೊಳಿಸಲಾಯಿತು. ವಿವರಗಳನ್ನು ಸಂದರ್ಶನದಲ್ಲಿ ನೀಡುತ್ತೇನೆ.’ ಪಟ್ಟಿಯಿಂದ ಆರಿಸುವಂತಿದ್ದರೆ ನಿಜಕ್ಕೆ ಹತ್ತಿರವಾದದ್ದನ್ನು ಆರಿಸಿ. ‘ಇತರೆ’ ಎಂಬುದನ್ನು ಬೇರೆ ಯಾವುದೂ ಹೊಂದದಿದ್ದಾಗ ಮಾತ್ರ. ಚೌಕವನ್ನು ಖಾಲಿ ಬಿಡುವುದಕ್ಕಿಂತ ಹೀಗೆ ಬರೆಯುವುದೇ ಮೇಲು. ಇದರಿಂದ ಕೆಲವು ಕಡೆ ನಿಮ್ಮನ್ನು ಮುಂದಕ್ಕೆ ಕರೆಯದೇ ಇರಬಹುದು. ಆ ನಷ್ಟ ನಿಜವಾದದ್ದೇ. ಆದರೆ ಅದೇ ನಮೂನೆಯ ಕೊನೆಯಲ್ಲಿ ‘ಮೇಲಿನ ವಿವರಗಳು ಸತ್ಯ, ಸುಳ್ಳೆಂದು ಕಂಡರೆ ಕೆಲಸದಿಂದ ತೆಗೆಯಬಹುದು’ ಎಂಬ ಘೋಷಣೆ ಸಾಮಾನ್ಯವಾಗಿ ಇರುತ್ತದೆ, ಅದರ ಕೆಳಗೆ ನಿಮ್ಮ ಸಹಿ ಇರುತ್ತದೆ. ಕೆಲಸಕ್ಕೆ ಸೇರಿ ವರ್ಷಗಳಾದ ಮೇಲೂ ಆ ಸಹಿ ಜೀವಂತವಾಗಿರುತ್ತದೆ.

ಫೋನ್ ಕರೆಯಲ್ಲಿ ಪೂರ್ತಿ ಉತ್ತರ ಬೇಡ. ಕರೆ ಮಾಡಿದವರಿಗೆ ಬೇಕಿರುವುದು ತಮ್ಮ ಟಿಪ್ಪಣಿಗೆ ಒಂದು ಸಾಲು. ಅದನ್ನು ಅವರು ಸಂದರ್ಶಕರಿಗೆ ಕಳುಹಿಸುತ್ತಾರೆ. ಆ ಸಾಲು ನಿಮ್ಮದೇ ಆಗಿರಲಿ: ‘ಬಿಲ್ಲುಗಳ ಪಾವತಿಯಲ್ಲಿ ಆದ ತಪ್ಪುಗಳಿಂದಾಗಿ ಸಂಸ್ಥೆ ನನ್ನ ಸೇವೆ ಕೊನೆಗೊಳಿಸಿತು. ಏನಾಯಿತು, ಆಮೇಲೆ ಏನು ಸರಿಪಡಿಸಿಕೊಂಡೆ ಎಂದು ಸಂದರ್ಶನದಲ್ಲಿ ವಿವರವಾಗಿ ಹೇಳುತ್ತೇನೆ.’ ಹೀಗೆ ಹೇಳಿದ ಮೇಲೂ ಮುಂದಿನ ಸುತ್ತಿಗೆ ಕರೆದರೆ, ವಿಷಯ ಗೊತ್ತಿದ್ದೇ ಕರೆದಿದ್ದಾರೆ ಎಂದು ಅರ್ಥ. ಕೋಣೆಯೊಳಗೆ ಹೋಗುವಾಗ ಹೆದರಿಕೆ ಅರ್ಧ ಇಳಿಯುತ್ತದೆ.

ಯಾರೂ ಕೇಳದಿದ್ದರೆ? ಮೊದಲ ಭೇಟಿಯಲ್ಲಿ ನೀವಾಗಿಯೇ ಎತ್ತಬೇಕಿಲ್ಲ. ಆದರೆ ಹಳೆಯ ಸಂಸ್ಥೆಗೆ ಕರೆ ಮಾಡುವ ಹಂತ ಬಂದಿತು ಎಂದು ತಿಳಿದಾಗ, ಅವರು ಅಲ್ಲಿಂದ ಕೇಳುವ ಮೊದಲು ನಿಮ್ಮಿಂದಲೇ ಕೇಳಲಿ.

ಮರುಪ್ರಶ್ನೆಗಳು

ತಯಾರಿಯ ಹೆಚ್ಚಿನ ಪಾಲು ಇಲ್ಲಿಗೆ ಹೋಗಬೇಕು. ಮೊದಲ ಉತ್ತರವನ್ನು ಯಾರಾದರೂ ಬಾಯಿಪಾಠ ಮಾಡಬಹುದು, ಸಂದರ್ಶಕರಿಗೂ ಅದು ಗೊತ್ತು. ಅವರು ತೂಗಿ ನೋಡುವುದು ಮರುಪ್ರಶ್ನೆಗೆ ಬರುವ ಉತ್ತರವನ್ನು.

‘ಎಚ್ಚರಿಕೆ ಕೊಟ್ಟ ಮೇಲೂ ಏಕೆ ತಪ್ಪಿತು?’ ನಮ್ಮ ಪ್ರಕರಣದಲ್ಲಿ ಇದೇ ಅತ್ಯಂತ ಕಠಿಣ ಪ್ರಶ್ನೆ, ಬಂದೇ ಬರುತ್ತದೆ. ಇದಕ್ಕೆ ಆಕೆ ಮೊದಲು ತನಗೆ ತಾನೇ ಉತ್ತರ ಕಂಡುಕೊಂಡಿರಬೇಕು. ‘ಎಚ್ಚರಿಕೆ ಬಂದ ಮೇಲೆ ನಾನು ಮಾಡಿದ್ದು ಅದೇ ರೀತಿಯಲ್ಲಿ, ಇನ್ನಷ್ಟು ನಿಧಾನವಾಗಿ ಕೆಲಸ ಮಾಡುವುದನ್ನು. ರೀತಿಯನ್ನೇ ಬದಲಿಸಬೇಕಿತ್ತು. ತಿಂಗಳ ಕೊನೆಯಲ್ಲಿ ಬಿಲ್ಲುಗಳ ರಾಶಿ ಬಂದಾಗ ಆ ನಿಧಾನ ಉಳಿಯಲಿಲ್ಲ, ತಪ್ಪು ಮತ್ತೆ ನುಸುಳಿತು.’ ಇಂಥ ಉತ್ತರ ಕೇಳಿದಾಗ ನಾನು ಪೆನ್ನು ಕೆಳಗಿಟ್ಟು ಮಾತಿಗೆ ಕೂರುತ್ತೇನೆ, ಏಕೆಂದರೆ ತಪ್ಪಿನ ಬೇರು ಗೊತ್ತಿರುವವರಿಗೆ ಮಾತ್ರ ಹೀಗೆ ಹೇಳಲು ಸಾಧ್ಯ.

‘ನಿಮ್ಮ ಮ್ಯಾನೇಜರ್‌ಗೆ ಕರೆ ಮಾಡಿದರೆ ಏನು ಹೇಳುತ್ತಾರೆ?’ ಇದು ಬಲೆಯಂತೆ ಕೇಳಿಸುತ್ತದೆ, ಆದರೆ ನಿಮಗೆ ಸಿಗುವ ಒಳ್ಳೆಯ ಅವಕಾಶವೂ ಇದೇ. ಅವರ ಮೆಚ್ಚುಗೆ ಮತ್ತು ಅವರ ದೂರು ಎರಡನ್ನೂ ಹೇಳಿ: ‘ಪಾವತಿಯ ವಿಷಯದಲ್ಲಿ ಅವರಿಗೆ ನನ್ನ ಮೇಲೆ ಭರವಸೆ ಉಳಿದಿರಲಿಲ್ಲ, ಅದನ್ನು ಹೇಳಿಯೇ ಹೇಳುತ್ತಾರೆ. ಪೂರೈಕೆದಾರರೊಡನೆ ಮಾತಾಡಿ ಹೆಚ್ಚಾಗಿ ಹೋದ ಹಣವನ್ನು ವಾಪಸು ತರಿಸಿದ್ದು ನಾನೇ ಎಂಬುದನ್ನೂ ಹೇಳಬಹುದು.’ ಅವರು ಒಳ್ಳೆಯ ಮಾತು ಆಡುತ್ತಾರೆ ಎಂದು ಖಾತ್ರಿಯಿಲ್ಲದಿದ್ದರೆ ‘ಹೇಳಬಹುದು’ ಎಂದಷ್ಟೇ ಹೇಳಿ.

‘ನಿಮ್ಮನ್ನು ತೆಗೆದದ್ದು ನ್ಯಾಯವೇ?’ ಎಂದು ನೇರವಾಗಿ ಕೇಳುವವರೂ ಇದ್ದಾರೆ. ಒಪ್ಪದಿದ್ದರೆ ಒಪ್ಪಿದಂತೆ ನಟಿಸಬೇಕಿಲ್ಲ. ‘ಇನ್ನಷ್ಟು ಸಮಯ ಕೊಡಬಹುದಿತ್ತು ಎನಿಸುತ್ತದೆ. ಆದರೆ ಅವರ ಮುಂದಿದ್ದ ದಾಖಲೆ ನೋಡಿದರೆ ಆ ನಿರ್ಧಾರ ಏಕೆ ಬಂತು ಎಂಬುದು ನನಗೆ ಅರ್ಥವಾಗುತ್ತದೆ.’ ಇಷ್ಟು ಹೇಳಿ ನಿಲ್ಲಿಸಿ.

ನಿಲ್ಲಿಸುವುದೇ ಅನೇಕರಿಗೆ ಕಷ್ಟ. ಉತ್ತರ ಮುಗಿದ ಮೇಲೆ ಸಂದರ್ಶಕರು ಸುಮ್ಮನೆ ಬರೆದುಕೊಳ್ಳುತ್ತಾರೆ, ಒಂದೆರಡು ಕ್ಷಣ ಮೌನ. ಆ ಮೌನವನ್ನು ತುಂಬಲು ಹೋಗಿ ‘ಅಂದರೆ ಪೂರ್ತಿ ನನ್ನದೇ ತಪ್ಪಲ್ಲ, ಬೇರೆಯವರೂ…’ ಎಂದು ಶುರುವಾಗುವ ಮಾತು, ಕಟ್ಟಿದ್ದನ್ನೆಲ್ಲ ಕೆಡಿಸುತ್ತದೆ. ಅವರು ಬರೆಯಲಿ. ನೀವು ಕಾಯಿರಿ.

ಅಭ್ಯಾಸ ಮಾಡುವಾಗ ಗಮನಿಸಬೇಕಾದ್ದು

ಮೊಬೈಲಿನಲ್ಲಿ ಧ್ವನಿಮುದ್ರಣ ಮಾಡಿ ಕೇಳಿಸಿಕೊಳ್ಳಿ. ಒಂದು ನಿಮಿಷ ದಾಟಿದರೆ ಎಲ್ಲೋ ವಾದ ಸೇರಿಕೊಂಡಿದೆ. ಹಳೆಯ ಮ್ಯಾನೇಜರ್ ಎಷ್ಟು ಸಲ ಬಂದರು ಎಂದು ಎಣಿಸಿ. ಒಂದಕ್ಕಿಂತ ಹೆಚ್ಚಾದರೆ ಕತ್ತರಿಸಿ. ಯಾವ ಪದದ ಬಳಿ ದನಿ ಏರುತ್ತದೆ ಅಥವಾ ಮಾತು ಓಡುತ್ತದೆ ಎಂದು ನೋಡಿ. ಸಾಮಾನ್ಯವಾಗಿ ಅದು ‘ಕೊನೆಗೊಳಿಸಿತು’ ಎಂಬ ಪದವೇ ಆಗಿರುತ್ತದೆ. ನಿಮ್ಮನ್ನು ಪ್ರೀತಿಸುವವರ ಮುಂದೆ ಅಭ್ಯಾಸ ಮಾಡಿದರೆ ಅವರು ನಿಮ್ಮ ಪರ ವಹಿಸಿ ಹಳೆಯ ಸಂಸ್ಥೆಯನ್ನು ಬೈಯುತ್ತಾರೆ; ಅದರಿಂದ ಮನಸ್ಸಿಗೆ ಹಿತ, ಉತ್ತರಕ್ಕೆ ಉಪಯೋಗವಿಲ್ಲ. ಅದೇ ಕ್ಷೇತ್ರದ, ಅಷ್ಟೇನೂ ಹತ್ತಿರದವರಲ್ಲದ ಒಬ್ಬರನ್ನು ಹಿಡಿಯಿರಿ.

ಉತ್ತರ ಕೆಲಸ ಮಾಡುತ್ತಿದೆಯೇ ಎಂದು ಸಂದರ್ಶನದಲ್ಲೂ ಗೊತ್ತಾಗುತ್ತದೆ. ಕೇಳುವವರು ಒಂದೆರಡು ಮರುಪ್ರಶ್ನೆ ಕೇಳಿ ಬೇರೆ ವಿಷಯಕ್ಕೆ ಹೋದರೆ ಅವರಿಗೆ ಸಾಕಷ್ಟು ತಿಳಿಯಿತು ಎಂದರ್ಥ. ಸುತ್ತಿ ಸುತ್ತಿ ಅದೇ ಪ್ರಶ್ನೆಗೆ ಬೇರೆ ಪದಗಳಲ್ಲಿ ಮರಳುತ್ತಿದ್ದರೆ, ಏನೋ ಬಿಟ್ಟುಹೋಗಿದೆ ಎಂದು ಅವರಿಗೆ ಅನಿಸಿದೆ. ಆಗ ನೇರವಾಗಿ ಕೇಳುವುದರಲ್ಲಿ ತಪ್ಪಿಲ್ಲ: ‘ಇದರಲ್ಲಿ ಯಾವ ಭಾಗ ಸ್ಪಷ್ಟವಾಗಿಲ್ಲ, ಹೇಳಿ.’

ಸುಲಭವಲ್ಲದ ಕೆಲವು ಪ್ರಕರಣಗಳು

ವಜಾ ವಿರುದ್ಧ ಕಾನೂನು ವ್ಯಾಜ್ಯ ನಡೆಯುತ್ತಿದ್ದರೆ ಸಂಗತಿಗಳ ಚರ್ಚೆಗೆ ಇಳಿಯಬೇಡಿ. ‘ಸೇವೆ ಕೊನೆಗೊಳಿಸಿದ ವಿಷಯದಲ್ಲಿ ನಮ್ಮಿಬ್ಬರ ನಡುವೆ ಭಿನ್ನಾಭಿಪ್ರಾಯವಿದೆ, ಅದು ಕಾನೂನಿನ ಹಂತದಲ್ಲಿದೆ, ಆದ್ದರಿಂದ ಹೆಚ್ಚು ಹೇಳುವಂತಿಲ್ಲ’ ಎನ್ನುವುದು ನಿಜವೂ ಹೌದು, ಸಾಕೂ ಹೌದು. ಬಳಸಬೇಕಾದ ಪದಗಳನ್ನು ವಕೀಲರಿಂದಲೇ ಕೇಳಿ ಪಡೆಯಿರಿ.

ಶಿಸ್ತಿನ ಕಾರಣಕ್ಕೆ ತೆಗೆದಿದ್ದರೆ ಹಾದಿ ಕಡಿದಾಗಿದೆ. ಪದೇ ಪದೇ ಗೈರುಹಾಜರಿ, ಮೇಲಧಿಕಾರಿಯೊಡನೆ ಜಗಳ, ನಿಯಮ ಮೀರಿದ್ದು ಇವುಗಳಿಗೆ ಮೇಲಿನ ಮೂರು ಭಾಗಗಳ ಕಟ್ಟು ಹೊಂದುತ್ತದೆ. ‘ನಿಯಮ ಗೊತ್ತಿದ್ದೂ ಮೀರಿದೆ’ ಎಂಬ ವಾಕ್ಯವನ್ನು ತೇಲಿಸದೆ ಹೇಳಬೇಕು, ಅಷ್ಟೇ. ಹಣದ ಅವ್ಯವಹಾರ, ಕಿರುಕುಳ, ದಾಖಲೆ ತಿದ್ದಿದಂಥ ಪ್ರಕರಣಗಳಲ್ಲಿ ಎಷ್ಟು ಚೆನ್ನಾಗಿ ಹೇಳಿದರೂ ಕೆಲವು ಬಾಗಿಲು ತೆರೆಯುವುದಿಲ್ಲ. ಹಣದ ಅವ್ಯವಹಾರಕ್ಕಾಗಿ ಕೆಲಸ ಕಳೆದುಕೊಂಡವರು ಮತ್ತೆ ಹಣ ಮುಟ್ಟುವ ಹುದ್ದೆಗೇ ಅರ್ಜಿ ಹಾಕುವುದಕ್ಕಿಂತ, ಆ ಹೊಣೆ ಇಲ್ಲದ ಹುದ್ದೆಗೆ ಹಾಕಿ ನಿಜ ಹೇಳುವುದು ಸಾಧ್ಯತೆಯಿರುವ ದಾರಿ. ಇಂಥ ಸಂಗತಿಗಳಲ್ಲಿ ಬೇರೆಯವರ ಹೆಸರು, ದೂರು ಕೊಟ್ಟವರ ವಿವರ ನಿಮ್ಮ ಬಾಯಿಂದ ಬರಬಾರದು.

ಕೆಲಸಕ್ಕೆ ಸೇರಿ ಎರಡು ಮೂರು ತಿಂಗಳಲ್ಲೇ ತೆಗೆದಿದ್ದರೆ ಆ ಕೆಲಸವನ್ನು ರೆಸ್ಯೂಮೆಯಲ್ಲಿ ಹಾಕಲೇಬೇಕೇ? ರೆಸ್ಯೂಮೆ ನೀವು ಆರಿಸಿ ಕೊಡುವ ಪರಿಚಯ, ಬಿಡಬಹುದು. ಆದರೆ ‘ಹಿಂದಿನ ಎಲ್ಲ ಉದ್ಯೋಗಗಳನ್ನು ನಮೂದಿಸಿ’ ಎಂದು ನಮೂನೆ ಕೇಳಿದರೆ ಬಿಡುವಂತಿಲ್ಲ. ಭವಿಷ್ಯನಿಧಿ, ತೆರಿಗೆಯಂಥ ದಾಖಲೆಗಳಲ್ಲಿ ಆ ತಿಂಗಳುಗಳ ಗುರುತು ಉಳಿದಿರುತ್ತದೆ.

ಈಗಾಗಲೇ ಬೇರೆ ಏನನ್ನೋ ಬರೆದಾಗಿದ್ದರೆ

ನಮೂನೆಯಲ್ಲಿ ‘ವೈಯಕ್ತಿಕ ಕಾರಣ’ ಎಂದು ಬರೆದು ಕಳುಹಿಸಿದ ಮೇಲೆ ಈ ಬರಹವನ್ನು ಓದುತ್ತಿರುವವರೂ ಇರುತ್ತಾರೆ. ನೇಮಕಾತಿ ಪತ್ರ ಕೈಗೆ ಬರುವ ಮೊದಲು ತಿದ್ದಿದರೆ ಅದು ತಿದ್ದುಪಡಿ. ಹಿನ್ನೆಲೆ ಪರಿಶೀಲನೆಯಲ್ಲಿ ಅವರಿಗೇ ಸಿಕ್ಕಿದರೆ ಅದು ಸುಳ್ಳು. ಎಚ್‌ಆರ್ ವಿಭಾಗದಲ್ಲಿ ನಿಮ್ಮೊಡನೆ ಸಂಪರ್ಕದಲ್ಲಿರುವವರಿಗೆ ಇಂದೇ ಮೇಲ್ ಬರೆಯಿರಿ: ‘ನಾನು ಸಲ್ಲಿಸಿದ ಅರ್ಜಿಯಲ್ಲಿ ಹಿಂದಿನ ಕೆಲಸ ಬಿಟ್ಟ ಕಾರಣವನ್ನು ಸರಿಯಾಗಿ ನಮೂದಿಸಿಲ್ಲ. ಆ ಸಂಸ್ಥೆಯು ನನ್ನ ಸೇವೆಯನ್ನು ಕೊನೆಗೊಳಿಸಿತ್ತು. ಅರ್ಜಿಯನ್ನು ತಿದ್ದಿ ಮತ್ತೆ ಸಲ್ಲಿಸಲು ಅವಕಾಶ ಕೊಡಿ, ವಿವರಗಳನ್ನು ಮಾತಾಡಲು ಸಿದ್ಧನಿದ್ದೇನೆ.’ ಏಕೆ ಹಾಗೆ ಬರೆದಿರಿ ಎಂದು ಕೇಳಿದರೆ ‘ಮುಜುಗರವಾಗಿ ಬರೆದೆ’ ಎನ್ನಿ. ಅದಕ್ಕೆ ಕಥೆ ಕಟ್ಟಬೇಡಿ. ಕೆಲವರು ಅಲ್ಲಿಗೇ ಪ್ರಕ್ರಿಯೆ ನಿಲ್ಲಿಸುತ್ತಾರೆ, ಕೆಲವರು ಕರೆ ಮಾಡಿ ಮಾತಾಡುತ್ತಾರೆ. ಕರೆ ಬಂದರೆ, ಒಂದು ನಿಮಿಷದ ಆ ಉತ್ತರ ನಿಮ್ಮಲ್ಲಿ ಸಿದ್ಧವಿರಲಿ.